ಟೊಳ್ಳು ಲೋಹದ ಕೊಳವೆಯೊಳಗೆ ಕೆಳ ಆವರ್ತನ ಯಾಕೆ ಸಾಗುವುದಿಲ್ಲ

ನನ್ನ ಕೈಯಲ್ಲಿರುವ ಈ ತುಂಡನ್ನು ನೋಡಿ. ಆಯತಾಕಾರದ ತಾಮ್ರದ ಕೊಳವೆ. ಒಳಗಿನ ಅಗಲ 22.86 ಮಿ.ಮೀ., ಎತ್ತರ 10.16 ಮಿ.ಮೀ., ಉದ್ದ 100 ಮಿ.ಮೀ. ಎರಡೂ ತುದಿ ತೆರೆದೇ ಇವೆ, ಕಣ್ಣಿಗೆ ಹಿಡಿದರೆ ಆಚೆ ಬದಿಯ ಗೋಡೆ ಕಾಣುತ್ತದೆ. ಒಳಗೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಡಬ್ಲ್ಯೂಆರ್-90 ಎಂಬ ಹೆಸರಿನ ವೇವ್‌ಗೈಡ್ ಇದು. ಆ 90 ಅನ್ನುವುದು ಒಳ ಅಗಲ, 0.90 ಇಂಚು.

ಇದರ ಒಂದು ತುದಿಯಿಂದ 10 ಗಿಗಾಹರ್ಟ್ಸ್ ಅಲೆ ಕಳಿಸಿದರೆ ಇನ್ನೊಂದು ತುದಿಗೆ ಹೆಚ್ಚುಕಡಿಮೆ ಪೂರ್ತಿ ಬಂದು ಸೇರುತ್ತದೆ. ದಾರಿಯಲ್ಲಿ ಕಳೆದುಹೋಗುವುದು ಸಾವಿರದಲ್ಲಿ ಎರಡು ಮೂರು ಪಾಲು ಅಷ್ಟೇ. ಈಗ ಆವರ್ತನವನ್ನು ಅರ್ಧಕ್ಕೆ, ಅಂದರೆ 5 ಗಿಗಾಹರ್ಟ್ಸ್‌ಗೆ ಇಳಿಸಿ. ಆಚೆ ತುದಿಯಲ್ಲಿ ಶಕ್ತಿ ಸುಮಾರು 77 ಡೆಸಿಬೆಲ್ ಕುಸಿದಿರುತ್ತದೆ, ಐದು ಕೋಟಿಯಲ್ಲಿ ಒಂದು ಪಾಲು ಉಳಿದಂತೆ. ತಾಮ್ರ ಅದೇ, ಗಾಳಿ ಅದೇ, ಉದ್ದವೂ ಅದೇ. ಇನ್ನೂ ಸೋಜಿಗದ ಸಂಗತಿಯೆಂದರೆ, ಕಳೆದುಹೋದ ಆ ಶಕ್ತಿಯನ್ನು ಯಾರೂ ನುಂಗಿಲ್ಲ. ಗೋಡೆ ಬಿಸಿಯಾಗಿಲ್ಲ. ಬಂದದ್ದೆಲ್ಲ ಬಂದ ದಾರಿಯಲ್ಲೇ ವಾಪಸ್ಸು ಹೋಗಿದೆ.

ಇವತ್ತು ನಾನು ಹೇಳಬೇಕೆಂದಿರುವುದು ಈ ಒಂದೇ ಸಂಗತಿ. ಗಣಿತ ಸ್ವಲ್ಪ ಬರುತ್ತದೆ, ಆದರೆ ಅದಕ್ಕೆ ಮೊದಲು ಒಂದು ಬ್ಯಾಟರಿಯಿಂದ ಶುರು ಮಾಡೋಣ.

ಬ್ಯಾಟರಿಯ ಧನ ತುದಿಯನ್ನು ಈ ಕೊಳವೆಯ ಮೇಲಿನ ಗೋಡೆಗೂ ಋಣ ತುದಿಯನ್ನು ಕೆಳಗಿನ ಗೋಡೆಗೂ ಮುಟ್ಟಿಸಿದೆವು ಅಂತಿಟ್ಟುಕೊಳ್ಳಿ. ಏನಾಗುತ್ತದೆ? ನೇರ ಶಾರ್ಟ್. ಮೇಲಿನ ಗೋಡೆಯನ್ನೂ ಕೆಳಗಿನ ಗೋಡೆಯನ್ನೂ ಎಡಬಲದ ಗೋಡೆಗಳು ಸೇರಿಸಿಬಿಟ್ಟಿವೆ. ಮೇಲಿನದೂ ಕೆಳಗಿನದೂ ಒಂದೇ ಲೋಹ, ಒಂದೇ ವೋಲ್ಟೇಜ್. ಎರಡು ತಂತಿಗಳ ಸಾಲಿನಲ್ಲಾದರೆ ಹೋಗಲಿಕ್ಕೆ ಒಂದು ತಂತಿ, ಬರಲಿಕ್ಕೆ ಒಂದು ತಂತಿ ಇರುತ್ತದೆ, ಅವುಗಳ ನಡುವೆ ವೋಲ್ಟೇಜ್ ನಿಲ್ಲುತ್ತದೆ. ಕೋಆಕ್ಸಿಯಲ್ ಕೇಬಲಿನಲ್ಲೂ ನಡುತಂತಿ ಬೇರೆ, ಹೊರಕವಚ ಬೇರೆ. ಅದಕ್ಕೇ ಅವೆರಡೂ ಡಿಸಿಯಿಂದ ಮೊದಲುಗೊಂಡು ಎಲ್ಲವನ್ನೂ ಒಯ್ಯುತ್ತವೆ. ಈ ಕೊಳವೆಯಲ್ಲಿ ಎರಡನೆಯ ವಾಹಕವೇ ಇಲ್ಲ. 1893ರಲ್ಲಿ ಆಲಿವರ್ ಹೆವಿಸೈಡ್ ಇದೇ ಜಾಡಿನಲ್ಲಿ ಯೋಚಿಸಿ, ಒಳಗೊಂದು ತಂತಿಯಿಲ್ಲದೆ ಬರಿ ಕೊಳವೆಯಲ್ಲಿ ಅಲೆ ಸಾಗದು ಅಂದುಕೊಂಡರು. ಡಿಸಿಯ ಮಟ್ಟಿಗೆ, ಕೆಳ ಆವರ್ತನಗಳ ಮಟ್ಟಿಗೆ ಅವರ ಮಾತು ಸರಿಯೇ. 1897ರಲ್ಲಿ ರ‍್ಯಾಲೆ ಗಣಿತ ಮಾಡಿ ತೋರಿಸಿದ್ದು, ಒಂದು ಆವರ್ತನ ದಾಟಿದ ಮೇಲೆ ತಂತಿ ಬೇಕಾಗುವುದಿಲ್ಲ ಎಂದು. ಅದನ್ನು ಕೆಲಸಕ್ಕೆ ಬರುವ ಹಾಗೆ ಮಾಡಿ ತೋರಿಸಲು 1936ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ಸೌತ್‌ವರ್ತ್ ಮತ್ತು ಬ್ಯಾರೋ ಇಬ್ಬರೂ ಬೇರೆಬೇರೆಯಾಗಿ ಅದನ್ನು ಪ್ರಕಟಿಸಿದರು.

ಸರಿ, ಪಕ್ಕದ ಗೋಡೆಗಳು ಶಾರ್ಟ್ ಮಾಡುತ್ತವೆ. ಹಾಗಿದ್ದರೆ 10 ಗಿಗಾಹರ್ಟ್ಸ್‌ಗೆ ಯಾಕೆ ಶಾರ್ಟ್ ಆಗುವುದಿಲ್ಲ?

ಮೇಲಿನ ಗೋಡೆಯ ನಟ್ಟನಡುವೆ ಉದ್ದಕ್ಕೆ ಒಂದು ಪಟ್ಟಿ, ಅದರ ನೇರ ಕೆಳಗೆ ಇನ್ನೊಂದು ಪಟ್ಟಿ ಅಂತ ಕಲ್ಪಿಸಿಕೊಳ್ಳಿ. ಈ ಎರಡು ಪಟ್ಟಿಗಳೇ ನಮ್ಮ ಎರಡು ತಂತಿ. ಪಟ್ಟಿಯ ಎಡಕ್ಕೂ ಬಲಕ್ಕೂ ಉಳಿದ ಲೋಹವನ್ನು ಎರಡು ಕಡೆಗೆ ಚಾಚಿದ ಕವಲುಗಳು ಅನ್ನಿ. ಪ್ರತಿ ಕವಲಿನ ಕೊನೆಯೂ ಪಕ್ಕದ ಗೋಡೆಯಲ್ಲಿ ಶಾರ್ಟ್ ಆಗಿದೆ. ಟ್ರಾನ್ಸ್‌ಮಿಷನ್ ಲೈನ್ ಓದಿದವರಿಗೆ ಗೊತ್ತಿರುವ ಮಾತು: ಕೊನೆಯಲ್ಲಿ ಶಾರ್ಟ್ ಆದ ಕವಲು ಸರಿಯಾಗಿ ಕಾಲು ತರಂಗಾಂತರ ಉದ್ದವಿದ್ದರೆ, ಅದರ ಬಾಯಲ್ಲಿ ನಿಂತು ನೋಡಿದಾಗ ಅದು ತೆರೆದ ಸರ್ಕೀಟಿನಂತೆ ಕಾಣುತ್ತದೆ. ಹೋದ ಅಲೆ ಗೋಡೆಗೆ ಬಡಿದು ತಿರುಗಿ ಬರುವಾಗ, ಮೂಲ ಅಲೆಯ ವೋಲ್ಟೇಜಿಗೆ ಜೊತೆಯಾಗಿ ಬರುತ್ತದೆ. ಶಾರ್ಟ್ ಅಲ್ಲೇ ಇದ್ದರೂ ಪಟ್ಟಿಗೆ ಅದರ ಅರಿವಾಗುವುದಿಲ್ಲ.

ಈಗ ಲೆಕ್ಕ ಹಾಕಿ. 10 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 30 ಮಿ.ಮೀ., ಕಾಲು ಪಾಲು ಏಳೂವರೆ. ಎರಡು ಕಡೆಯ ಕವಲಿಗೆ 15 ಮಿ.ಮೀ. ಹೋದರೆ 22.86ರಲ್ಲಿ ನಡುಪಟ್ಟಿಗೆ ಸುಮಾರು 8 ಮಿ.ಮೀ. ಉಳಿಯಿತು. ಆವರ್ತನ ಇಳಿಸುತ್ತಾ ಬನ್ನಿ. ಕವಲು ಉದ್ದವಾಗುತ್ತಾ ಹೋಗುತ್ತದೆ, ನಡುಪಟ್ಟಿ ಸಣ್ಣದಾಗುತ್ತಾ ಹೋಗುತ್ತದೆ. ಕವಲು 11.43 ಮಿ.ಮೀ. ಆದಾಗ ಎರಡೂ ಸೇರಿ ಇಡೀ ಅಗಲವೇ ಮುಗಿಯಿತು, ಪಟ್ಟಿ ಕೂದಲೆಳೆಯೂ ಉಳಿಯಲಿಲ್ಲ. ಕಾಲು ತರಂಗಾಂತರ 11.43 ಅಂದರೆ ತರಂಗಾಂತರ 45.72 ಮಿ.ಮೀ., ಸರಿಯಾಗಿ ಅಗಲದ ಎರಡು ಪಟ್ಟು. ಆವರ್ತನ 6.557 ಗಿಗಾಹರ್ಟ್ಸ್. ಇದೇ ಈ ಕೊಳವೆಯ ಕಟಾಫ್.

```
fc = c / (2a)
a = 22.86 mm  →  fc = 6.557 GHz
```

ಇದಕ್ಕಿಂತ ಕೆಳಗೆ ಇಳಿದರೆ ಕವಲಿಗೆ ಬೇಕಾದ ಕಾಲು ತರಂಗಾಂತರಕ್ಕೆ ಕೊಳವೆಯೊಳಗೆ ಜಾಗವೇ ಇಲ್ಲ. ಕಾಲಿಗಿಂತ ಗಿಡ್ಡವಾದ ಶಾರ್ಟ್ ಕವಲು ಇಂಡಕ್ಟರಿನಂತೆ ವರ್ತಿಸುತ್ತದೆ. ಅಂದರೆ ದಾರಿಯುದ್ದಕ್ಕೂ ಮೇಲಿನ ಗೋಡೆಯಿಂದ ಕೆಳಗಿನ ಗೋಡೆಗೆ ಸಾಲುಸಾಲಾಗಿ ಇಂಡಕ್ಟರ್ ಜೋಡಿಸಿದ ಹಾಗೆ. ಆವರ್ತನ ಇಳಿದಷ್ಟೂ ಅವುಗಳ ರಿಯಾಕ್ಟೆನ್ಸ್ ಇಳಿಯುತ್ತದೆ, ಶಾರ್ಟ್‌ನ ಹತ್ತಿರ ಬರುತ್ತದೆ. ಸೊನ್ನೆ ಆವರ್ತನಕ್ಕೆ ಬಂದಾಗ ನಮ್ಮ ಬ್ಯಾಟರಿಯ ಶಾರ್ಟ್ ಎದುರಿಗೆ ನಿಂತಿರುತ್ತದೆ.

ಈ ಕವಲುಗಳ ಚಿತ್ರ ನನಗೆ ಬಹಳ ಇಷ್ಟ. ಕಟಾಫ್ ಆವರ್ತನವನ್ನು ಅದು ಕರಾರುವಾಕ್ಕಾಗಿ ಕೊಡುತ್ತದೆ. ಆದರೆ ಅದನ್ನು ಅಲ್ಲಿಗೇ ಬಿಡಬೇಕು. ನಡುಪಟ್ಟಿಯಲ್ಲಿ ಕ್ಷೇತ್ರ ಒಂದೇ ಸಮ ಇರುತ್ತದೆ, ಅಂಚಿನಲ್ಲಿ ಮಾತ್ರ ಇಳಿಯುತ್ತದೆ ಎಂದು ಅದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ನಿಜವಾದ ಕ್ಷೇತ್ರದ ಆಕಾರ ಇನ್ನೂ ಸರಳ. ವಿದ್ಯುತ್ ಕ್ಷೇತ್ರ ಕೆಳಗಿನಿಂದ ಮೇಲಕ್ಕೆ ನಿಂತಿರುತ್ತದೆ. ಮೇಲಿನ ಮತ್ತು ಕೆಳಗಿನ ಗೋಡೆಗೆ ಅದು ಲಂಬ, ಅದಕ್ಕೆ ಲೋಹದ ಅಡ್ಡಿಯಿಲ್ಲ. ಪಕ್ಕದ ಗೋಡೆಗಳಿಗೆ ಅದು ಸಮಾಂತರ. ಲೋಹದ ಮೈಗೆ ಸಮಾಂತರವಾದ ವಿದ್ಯುತ್ ಕ್ಷೇತ್ರ ನಿಲ್ಲಲಾರದು, ಹಾಗಾಗಿ ಅಲ್ಲಿ ಸೊನ್ನೆ. ಎರಡು ಪಕ್ಕ ಸೊನ್ನೆ, ನಡುವೆ ಗರಿಷ್ಠ: ಎರಡು ತುದಿ ಕಟ್ಟಿ ಮೀಟಿದ ತಂತಿಯ ಹಾಗೆ ಅರ್ಧ ಸೈನ್ ಆಕಾರ. ಇದಕ್ಕೆ ಟಿಇ10 ಮೋಡ್ ಎನ್ನುತ್ತಾರೆ. ಕೊಳವೆಯ ಎತ್ತರ 10.16 ಇರಲಿ, 5 ಇರಲಿ, ಈ ಮೋಡಿನ ಕಟಾಫ್ ಬದಲಾಗುವುದಿಲ್ಲ. ಎಲ್ಲವನ್ನೂ ತೀರ್ಮಾನಿಸುವುದು ಅಗಲ.

ಇಲ್ಲಿ ಚುರುಕಾದ ಕೇಳುಗರಿಗೆ ಒಂದು ಅನುಮಾನ ಬರಬೇಕು. 10 ಗಿಗಾಹರ್ಟ್ಸ್‌ನಲ್ಲಿ ಅರ್ಧ ತರಂಗಾಂತರ 15 ಮಿ.ಮೀ. ಅಗಲ ಮಾತ್ರ 22.86. ಅರ್ಧ ಸೈನ್ ಹೇಗೆ ಹಿಗ್ಗಿ ಗೋಡೆಯಿಂದ ಗೋಡೆಗೆ ಮುಟ್ಟಿತು?

ಸಮುದ್ರದ ದಡದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಅಲೆಗಳು ನೇರ ಎದುರಿನಿಂದ ಬಾರದೆ ಓರೆಯಾಗಿ ಬರುತ್ತಿವೆ. ಅಲೆಯ ತಲೆಯಿಂದ ತಲೆಗೆ ಹತ್ತು ಮೀಟರ್ ಇರಬಹುದು. ಆದರೆ ನೀವು ದಡದ ಗುಂಟ ನಡೆದು ಅಳೆದರೆ ಒಂದು ತಲೆಯಿಂದ ಇನ್ನೊಂದಕ್ಕೆ ಹತ್ತಕ್ಕಿಂತ ಹೆಚ್ಚೇ ಬರುತ್ತದೆ. ಓರೆಯಾಗಿ ಅಳೆದ ದೂರ ಯಾವಾಗಲೂ ಹಿಗ್ಗಿರುತ್ತದೆ. ಕೊಳವೆಯಲ್ಲೂ ಅಲೆ ನೇರ ಹೋಗುವುದಿಲ್ಲ. ಪಕ್ಕದ ಗೋಡೆಯಿಂದ ಗೋಡೆಗೆ ಬಡಿಯುತ್ತಾ ಹಾವಿನ ಹಾಗೆ ಓರೆಓರೆಯಾಗಿ ಸಾಗುತ್ತದೆ. ಅಗಲದ ದಿಕ್ಕಿನಲ್ಲಿ ಅಳೆದಾಗ ಅರ್ಧ ತರಂಗಾಂತರ ಸರಿಯಾಗಿ 22.86 ಆಗುವಂಥ ಓರೆಯನ್ನೇ ಅದು ಆರಿಸಿಕೊಳ್ಳಬೇಕು, ಬೇರೆ ಯಾವ ಓರೆಯಲ್ಲಿ ಹೋದರೂ ಗೋಡೆಯ ಮೇಲೆ ಸೊನ್ನೆ ಬರುವುದಿಲ್ಲ.

10 ಗಿಗಾಹರ್ಟ್ಸ್‌ಗೆ ಆ ಓರೆ ಕೊಳವೆಯ ಉದ್ದಕ್ಕೆ 41 ಡಿಗ್ರಿ. 8.2ಕ್ಕೆ 53 ಡಿಗ್ರಿ. 7ಕ್ಕೆ ಇಳಿದಾಗ 69 ಡಿಗ್ರಿ ದಾಟಿದೆ, ಅಲೆ ಮುಂದೆ ಹೋಗುವುದಕ್ಕಿಂತ ಅಡ್ಡಡ್ಡ ಬಡಿದಾಡುವುದೇ ಹೆಚ್ಚು. 6.6ಕ್ಕೆ ಬಂದರೆ 83 ಡಿಗ್ರಿಗೂ ಮೇಲೆ. ಶಕ್ತಿ ಮುಂದೆ ಸಾಗುವ ವೇಗ ಆಗ ಬೆಳಕಿನ ವೇಗದ ಸುಮಾರು ಒಂಬತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ. 6.557ರಲ್ಲಿ ಸರಿಯಾಗಿ 90 ಡಿಗ್ರಿ: ಅಲೆ ಎಡ ಗೋಡೆಯಿಂದ ಬಲ ಗೋಡೆಗೆ, ಬಲದಿಂದ ಎಡಕ್ಕೆ, ಅಲ್ಲಲ್ಲೇ. ಮುಂದಕ್ಕೆ ಒಂದು ಹೆಜ್ಜೆಯೂ ಇಲ್ಲ. ಅದಕ್ಕಿಂತ ಕೆಳಗೆ ಏನು? 90 ಡಿಗ್ರಿಗಿಂತ ಹೆಚ್ಚು ಅಡ್ಡವಾಗುವುದು ಸಾಧ್ಯವಿಲ್ಲ. ಗೋಡೆಗಳು ಕೇಳುವ ಓರೆ ಅನ್ನುವುದೇ ಇಲ್ಲ.

ಅದನ್ನೇ ಸೂತ್ರದಲ್ಲಿ ಬರೆಯುವುದಾದರೆ ಒಂದು ಸಾಲು ಸಾಕು.

```
kz² = (2πf/c)² − (π/a)²
```

ಎಡಗಡೆಯ kz ಅಂದರೆ ಕೊಳವೆಯ ಉದ್ದಕ್ಕೆ ಒಂದು ಮೀಟರಿಗೆ ಅಲೆ ಎಷ್ಟು ರೇಡಿಯನ್ ತಿರುಗುತ್ತದೆ ಎಂಬುದು. ಬಲಗಡೆಯ ಮೊದಲ ಪದ ಆವರ್ತನ ಕೊಡುವ ಒಟ್ಟು ಬಂಡವಾಳ. ಎರಡನೆಯದು ಅಗಲಕ್ಕೆ ಕಟ್ಟಲೇಬೇಕಾದ ಖರ್ಚು, ಅದರಲ್ಲಿ ರಿಯಾಯಿತಿ ಇಲ್ಲ. ಉಳಿದದ್ದು ಉದ್ದಕ್ಕೆ. 10 ಗಿಗಾಹರ್ಟ್ಸ್‌ನಲ್ಲಿ ಒಟ್ಟು 209.6ರ ವರ್ಗ, ಖರ್ಚು 137.4ರ ವರ್ಗ, ಉಳಿದದ್ದು 158.2ರ ವರ್ಗ. ಹಾಗಾಗಿ ಕೊಳವೆಯೊಳಗಿನ ತರಂಗಾಂತರ 39.7 ಮಿ.ಮೀ., ಹೊರಗಿನ 30ಕ್ಕಿಂತ ಉದ್ದ. 5 ಗಿಗಾಹರ್ಟ್ಸ್‌ನಲ್ಲಿ ಬಂಡವಾಳ 104.8 ಮಾತ್ರ, ಖರ್ಚು ಮಾತ್ರ ಅದೇ 137.4. ವರ್ಗ ಮಾಡಿ ಕಳೆದರೆ ಋಣ ಸಂಖ್ಯೆ. ಅದರ ವರ್ಗಮೂಲ ಕಾಲ್ಪನಿಕ.

ಕಾಲ್ಪನಿಕ ಅಂತ ಬಂದಾಗ ಲೆಕ್ಕ ತಪ್ಪಿತು ಎಂದು ಪುಸ್ತಕ ಮುಚ್ಚಬೇಡಿ. ಅದು ಹೇಳುವುದು ಬಹಳ ಸ್ಪಷ್ಟ: ಉದ್ದಕ್ಕೆ ಹೋದಂತೆ ಅಲೆ ತಿರುಗುವುದಿಲ್ಲ, ಕುಗ್ಗುತ್ತದೆ. ಪ್ರತಿ ಮಿಲಿಮೀಟರಿಗೆ ಒಂದೇ ಅನುಪಾತದಲ್ಲಿ ಕುಗ್ಗುತ್ತದೆ. 5 ಗಿಗಾಹರ್ಟ್ಸ್‌ಗೆ ಮಿಲಿಮೀಟರಿಗೆ 0.77 ಡೆಸಿಬೆಲ್, ಅಂದರೆ ಸುಮಾರು 8 ಮಿ.ಮೀ. ಹೋಗುವಷ್ಟರಲ್ಲಿ ಕ್ಷೇತ್ರ ಅರ್ಧ. 3 ಗಿಗಾಹರ್ಟ್ಸ್‌ಗೆ 1.06. ಇನ್ನೂ ಕೆಳಗೆ ಹೋದರೆ 1.19ರಲ್ಲಿ ನಿಂತುಬಿಡುತ್ತದೆ, ಆಮೇಲೆ ಆವರ್ತನ ಎಷ್ಟೇ ಇಳಿದರೂ ಹೆಚ್ಚುಕಡಿಮೆ ಅಷ್ಟೇ. ಬಂಡವಾಳ ಸೊನ್ನೆಯಾದ ಮೇಲೆ ಉಳಿಯುವುದು ಅಗಲದ ಖರ್ಚೊಂದೇ ತಾನೇ. ನೆನಪಿಟ್ಟುಕೊಳ್ಳಲು ಸುಲಭದ ಅಳತೆ: ಕಟಾಫ್‌ಗಿಂತ ಸಾಕಷ್ಟು ಕೆಳಗೆ, ಕೊಳವೆಯ ಅಗಲದಷ್ಟು ಉದ್ದ ಹೋದರೆ 27 ಡೆಸಿಬೆಲ್. ದುಂಡು ಕೊಳವೆಯಲ್ಲಿ ವ್ಯಾಸದಷ್ಟು ಉದ್ದಕ್ಕೆ 32 ಡೆಸಿಬೆಲ್. ಆದರೆ ಪವರ್ ಲೈನಿನ 50 ಹರ್ಟ್ಸ್‌ವರೆಗೂ ಈ ಮಾತನ್ನು ಎಳೆಯಬೇಡಿ. ಅಷ್ಟು ಕೆಳಗೆ ತಾಮ್ರದ ಸ್ಕಿನ್ ಡೆಪ್ತ್, ಅಂದರೆ ಕ್ಷೇತ್ರ ಲೋಹದೊಳಕ್ಕೆ ಇಳಿಯುವ ಆಳ, 9 ಮಿ.ಮೀ.ಗೂ ಹೆಚ್ಚು, ಕಾಂತಕ್ಷೇತ್ರ ತೆಳುವಾದ ಗೋಡೆಯನ್ನೇ ತೂರಿಕೊಂಡು ಬರುತ್ತದೆ.

ಈ ಕುಗ್ಗುವಿಕೆಯನ್ನೂ ಗೋಡೆಯ ನಷ್ಟವನ್ನೂ ಒಂದೇ ಅಂದುಕೊಳ್ಳುವವರು ಬಹಳ. ಎರಡರ ಅಂತರ ನೋಡಿ. ಕಟಾಫ್‌ಗಿಂತ ಮೇಲೆ, 10 ಗಿಗಾಹರ್ಟ್ಸ್‌ನಲ್ಲಿ ತಾಮ್ರದ ಗೋಡೆ ತಿನ್ನುವುದು ಮೀಟರಿಗೆ ಸುಮಾರು 0.11 ಡೆಸಿಬೆಲ್. ಕೆಳಗೆ, 5ರಲ್ಲಿ ಮೀಟರಿಗೆ 772. ಈ 772ರಲ್ಲಿ ತಾಮ್ರದ ಪಾಲು ಏನೇನೂ ಇಲ್ಲ. ನಷ್ಟವೇ ಇಲ್ಲದ ಲೋಹ ಸಿಕ್ಕರೂ ಅದು 772ರಲ್ಲೇ ಇರುತ್ತದೆ. ಬಾಯಲ್ಲಿ ಕ್ಷೇತ್ರ ತುಂಬಿಕೊಳ್ಳುತ್ತದೆ, ಅರ್ಧ ಸೈಕಲ್ ಕಳೆದಾಗ ತುಂಬಿಕೊಂಡ ಶಕ್ತಿ ಮೂಲಕ್ಕೆ ವಾಪಸ್ಸಾಗುತ್ತದೆ, ಇಂಡಕ್ಟರ್ ಮಾಡುವ ಕೆಲಸವೇ ಅದು.

ಇದನ್ನು ಬೆಂಚಿನ ಮೇಲೆ ಅಳೆದು ನೋಡುವುದು ಹೇಗೆ ಎಂಬುದಕ್ಕೆ ಸ್ವಲ್ಪ ಸಮಯ ಕೊಡುತ್ತೇನೆ, ಯಾಕೆಂದರೆ ತಪ್ಪು ಅಳತೆ ಇಲ್ಲಿ ಬಹಳ ಸುಲಭ.

ವೆಕ್ಟರ್ ನೆಟ್‌ವರ್ಕ್ ಅನಲೈಸರಿನ ಎರಡು ಪೋರ್ಟಿಗೆ ಕೋಆಕ್ಸಿಯಲಿನಿಂದ ವೇವ್‌ಗೈಡಿಗೆ ಹೋಗುವ ಎರಡು ಅಡಾಪ್ಟರ್ ಹಾಕಿ, ನಡುವೆ ಕೊಳವೆಯ ತುಂಡು ಬಿಗಿದು 4ರಿಂದ 13 ಗಿಗಾಹರ್ಟ್ಸ್‌ವರೆಗೆ ಓಡಿಸಿ. ಪರದೆಯ ಮೇಲೆ S21, ಅಂದರೆ ಒಂದನೆಯ ಪೋರ್ಟಿನಿಂದ ಎರಡನೆಯದಕ್ಕೆ ದಾಟಿದ ಪಾಲು, ಮೇಲಿನ ಆವರ್ತನಗಳಲ್ಲಿ ಸೊನ್ನೆ ಡೆಸಿಬೆಲ್ ಹತ್ತಿರ ಚಪ್ಪಟೆಯಾಗಿರುತ್ತದೆ. 8ರಿಂದ ಕೆಳಗೆ ಬಂದಂತೆ ಏರಿಳಿತ ಶುರುವಾಗುತ್ತದೆ. ಅಡಾಪ್ಟರುಗಳನ್ನು 8.2ರಿಂದ 12.4ರ ಪಟ್ಟಿಗೆ ಹೊಂದಿಸಿ ಮಾಡಿರುತ್ತಾರೆ, ಅದಕ್ಕೆ ಈ ಏರಿಳಿತ. 6.56ರ ಬಳಿ ಬಂದಾಗ ಗೋಡೆಯಿಂದ ಜಾರಿದ ಹಾಗೆ ಕೆಳಕ್ಕೆ. ಅದೇ ಹೊತ್ತಿಗೆ S11, ಅಂದರೆ ಒಂದನೆಯ ಪೋರ್ಟಿಗೇ ವಾಪಸ್ಸು ಬಂದ ಪಾಲು, ನೋಡಿ: ಸೊನ್ನೆ ಡೆಸಿಬೆಲ್ ಪಕ್ಕಕ್ಕೆ ಏರಿ ಕೂತಿರುತ್ತದೆ. ಹೋದದ್ದೆಲ್ಲ ವಾಪಸ್ಸು ಎಂಬುದಕ್ಕೆ ಅದೇ ಸಾಕ್ಷಿ. S21 ಬಿದ್ದು S11 ಕೂಡ ತಗ್ಗಿನಲ್ಲಿದ್ದರೆ ಅದು ಕಟಾಫ್ ಅಲ್ಲ, ಎಲ್ಲೋ ಶಕ್ತಿ ಸುಡುತ್ತಿದೆ ಅಥವಾ ಸೋರುತ್ತಿದೆ.

ಈಗ 5 ಗಿಗಾಹರ್ಟ್ಸ್‌ನ 77 ಡೆಸಿಬೆಲ್ ಓದೋಣ ಅಂತ ಹೊರಟರೆ ಸಿಕ್ಕುವುದು ಬರೀ ಗದ್ದಲ. ಅಡಾಪ್ಟರಿನೊಳಗೂ ಅದೇ ಅಗಲದ ಕೊಳವೆ ಇದೆ ಎಂಬುದನ್ನು ಮರೆತಿರುತ್ತೇವೆ. ಅದರ ಪ್ರೋಬಿನಿಂದ ಮುಖದವರೆಗೆ 25 ಮಿ.ಮೀ. ಇದ್ದರೆ ಎರಡೂ ಕಡೆಯಿಂದ 50, ಅಲ್ಲೇ 38 ಡೆಸಿಬೆಲ್ ಹೋಯಿತು. ಒಟ್ಟು 115 ದಾಟಿತು, ಉಪಕರಣದ ಗದ್ದಲದ ತಳ ಅದಕ್ಕಿಂತ ಮೇಲೆಯೇ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಉದ್ದದ ತುಂಡು ಬಿಟ್ಟು ಗಿಡ್ಡದ್ದನ್ನು ತೆಗೆದುಕೊಳ್ಳಿ. ಅಡಾಪ್ಟರ್ ಮುಖಕ್ಕೆ ಮುಖ ಸೇರಿಸಿ ಒಂದು ಓದು ಬರೆದುಕೊಳ್ಳಿ. ನಡುವೆ 20 ಮಿ.ಮೀ. ತುಂಡು ಹಾಕಿ ಇನ್ನೊಂದು. 40 ಹಾಕಿ ಮತ್ತೊಂದು. 20ರಿಂದ 40ಕ್ಕೆ ಹೋದಾಗಿನ ವ್ಯತ್ಯಾಸ 15.4 ಡೆಸಿಬೆಲ್ ಬರಬೇಕು. ಮೊದಲ ಜೋಡಿಗಿಂತ ಈ ಎರಡನೆಯ ಜೋಡಿಯ ವ್ಯತ್ಯಾಸವನ್ನೇ ನಂಬಿ. ಪ್ರೋಬುಗಳು ತೀರ ಹತ್ತಿರವಿದ್ದಾಗ ಮೇಲಿನ ಮೋಡುಗಳ ಕ್ಷೇತ್ರ ಇನ್ನೂ ಸತ್ತಿರುವುದಿಲ್ಲ, ಅವು ಕೂಡ ಒಂದಷ್ಟು ಸೇರಿಕೊಂಡಿರುತ್ತವೆ. ಜೊತೆಗೆ ಫೇಸ್ ನೋಡಿ. ಮೇಲಿನ ಆವರ್ತನದಲ್ಲಿ 20 ಮಿ.ಮೀ. ಸೇರಿಸಿದರೆ ಫೇಸ್ ತಿರುಗುತ್ತದೆ, 10 ಗಿಗಾಹರ್ಟ್ಸ್‌ಗೆ 181 ಡಿಗ್ರಿ. ಕಟಾಫ್ ಕೆಳಗೆ ಉದ್ದ ಸೇರಿಸಿದರೂ ಫೇಸ್ ನಿಂತಲ್ಲೇ ನಿಲ್ಲುತ್ತದೆ, ಮಟ್ಟ ಮಾತ್ರ ಇಳಿಯುತ್ತದೆ. ಸಾಗುವ ಅಲೆ ಇಲ್ಲ ಅನ್ನುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಅಳತೆ ಇನ್ನೊಂದಿಲ್ಲ.

ನೆಟ್‌ವರ್ಕ್ ಅನಲೈಸರ್ ಇಲ್ಲದೆ ಸಿಗ್ನಲ್ ಜನರೇಟರ್ ಮತ್ತು ಪವರ್ ಮೀಟರ್ ಇಟ್ಟು ಅಳೆಯುವವರಿಗೆ ಒಂದು ಎಚ್ಚರಿಕೆ. 5 ಗಿಗಾಹರ್ಟ್ಸ್ ಹಾಕಿದ್ದೀರಿ, ಆಚೆ ಕಡೆ 30 ಡೆಸಿಬೆಲ್ ಮಾತ್ರ ಕಡಿಮೆಯಾಗಿದೆ, ಸೂತ್ರ ಸುಳ್ಳೇ ಅನ್ನಿಸುತ್ತದೆ. ಜನರೇಟರಿನಿಂದ 5ರ ಜೊತೆಗೆ ಅದರ ಎರಡನೆಯ ಹಾರ್ಮೋನಿಕ್ 10 ಕೂಡ ಸಣ್ಣದಾಗಿ ಹೊರಡುತ್ತದೆ, ಮೂಲಕ್ಕಿಂತ 30 ಡೆಸಿಬೆಲ್ ಕೆಳಗಿರಬಹುದು. ಕೊಳವೆ 5ನ್ನು ತಡೆದು 10ನ್ನು ಆರಾಮವಾಗಿ ಬಿಡುತ್ತದೆ. ಪವರ್ ಮೀಟರಿಗೆ ಎರಡರ ಭೇದ ಗೊತ್ತಿಲ್ಲ. ಕಂಡುಹಿಡಿಯುವುದು ಸುಲಭ: ತುಂಡಿನ ಉದ್ದ ಎರಡು ಪಟ್ಟು ಮಾಡಿ. ಓದು ಅಲುಗದಿದ್ದರೆ ನೀವು ನೋಡುತ್ತಿರುವುದು ಹಾರ್ಮೋನಿಕ್.

ಇಲ್ಲಿ ಒಂದು ಪ್ರಶ್ನೆ ಬಂದಿದೆ: ಕಟಾಫ್ 6.557 ಆದರೆ ಬಳಕೆಯನ್ನು 8.2ರಿಂದ ಯಾಕೆ ಶುರು ಮಾಡುತ್ತಾರೆ, 6.6ರಿಂದಲೇ ಮಾಡಬಹುದಲ್ಲ? ಸಾಗುವುದಂತೂ ಸಾಗುತ್ತದೆ. ಆದರೆ 83 ಡಿಗ್ರಿ ಓರೆಯಲ್ಲಿ ಅಡ್ಡಾದಿಡ್ಡಿ ಬಡಿದಾಡುವ ಅಲೆ ಅದೇ ಉದ್ದಕ್ಕೆ ಎಷ್ಟೋ ಹೆಚ್ಚು ಸಲ ಗೋಡೆ ಮುಟ್ಟುತ್ತದೆ, ತಾಮ್ರದ ನಷ್ಟ ಏರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ವಿಳಂಬದ್ದು. 100 ಮಿ.ಮೀ. ದಾಟಲು 10 ಗಿಗಾಹರ್ಟ್ಸ್‌ಗೆ 0.44 ನ್ಯಾನೊಸೆಕೆಂಡ್, 7ಕ್ಕೆ 0.95, 6.6ಕ್ಕೆ 2.9. ಸಿಗ್ನಲಿನ ಕೆಳ ಆವರ್ತನದ ಅಂಚು ಮತ್ತು ಮೇಲಿನ ಆವರ್ತನದ ಅಂಚು ಬೇರೆಬೇರೆ ಹೊತ್ತಿಗೆ ಬಂದು ಸೇರಿದರೆ ಅದರ ಆಕಾರ ಕೆಡುತ್ತದೆ. ಅದಕ್ಕೇ ಕಟಾಫ್‌ನ 1.25 ಪಟ್ಟಿನಿಂದ ಶುರು. ಮೇಲಿನ ಮಿತಿ 12.4 ಯಾಕೆಂದರೆ 13.11ರಲ್ಲಿ ಅಗಲಕ್ಕೆ ಎರಡು ಅರ್ಧ ಸೈನ್ ಹಿಡಿಸುವ ಮುಂದಿನ ಮೋಡ್ ಬಾಗಿಲು ತೆರೆಯುತ್ತದೆ.

ಈಗ ಕಟಾಫ್ ಅನ್ನು ಬೇಕೆಂದೇ ಬಳಸುವ ಜಾಗಕ್ಕೆ ಬರೋಣ. ಶೀಲ್ಡ್ ಮಾಡಿದ ಲೋಹದ ಪೆಟ್ಟಿಗೆ ಇದೆ, ಒಳಗಿನ ಅಥವಾ ಹೊರಗಿನ ರೇಡಿಯೋ 6 ಗಿಗಾಹರ್ಟ್ಸ್‌ವರೆಗೆ ದಾಟಬಾರದು. ಆದರೆ ಒಳಕ್ಕೆ ಆಪ್ಟಿಕಲ್ ಫೈಬರ್ ಬೇಕು. ತೂತು ಕೊರೆದು ಬಿಟ್ಟರೆ ಸಾಲದು. ತೆಳುತಗಡಿನಲ್ಲಿ ತೂತಿನ ಉದ್ದ ಒಂದೂವರೆ ಮಿಲಿಮೀಟರ್, ಕುಗ್ಗಲಿಕ್ಕೆ ದಾರಿಯೇ ಇಲ್ಲ. ಕಟಾಫ್ ಕೆಳಗಿನ ಕ್ಷೇತ್ರ ಸಾಯುವುದಕ್ಕೆ ಉದ್ದ ಬೇಕು. ಗಿಡ್ಡ ದಾರಿಯಾದರೆ ಒಂದಷ್ಟು ಆಚೆ ತಲುಪೇ ತಲುಪುತ್ತದೆ. ಆದ್ದರಿಂದ ತೂತಿಗೆ ಒಂದು ಲೋಹದ ನಳಿಗೆ ಬೆಸೆಯುತ್ತಾರೆ: ಒಳ ವ್ಯಾಸ 8 ಮಿ.ಮೀ., ಉದ್ದ 40. ದುಂಡು ನಳಿಗೆಯ ಕಟಾಫ್ ಗಿಗಾಹರ್ಟ್ಸ್‌ನಲ್ಲಿ 175.7 ಭಾಗಿಸು ಮಿಲಿಮೀಟರಿನ ವ್ಯಾಸ, ಇಲ್ಲಿ ಸುಮಾರು 22. 6 ಗಿಗಾಹರ್ಟ್ಸ್ ಅದಕ್ಕಿಂತ ಎಷ್ಟೋ ಕೆಳಗೆ, ವ್ಯಾಸಕ್ಕೆ ಸುಮಾರು 31 ಡೆಸಿಬೆಲ್. ಐದು ವ್ಯಾಸದುದ್ದಕ್ಕೆ 154. ನಳಿಗೆಯ ಹೊರಮೈ ಪೆಟ್ಟಿಗೆಗೆ ಸುತ್ತಲೂ ಬಿರುಕಿಲ್ಲದೆ ಬೆಸೆದಿರಬೇಕು, ಇಲ್ಲದಿದ್ದರೆ ಒಳಗಿನ ಲೆಕ್ಕ ಸರಿಯಿದ್ದೂ ಪಕ್ಕದ ಸೀಳಿನಿಂದ ಸೋರುತ್ತದೆ. ಫೈಬರಿನ ಗಾಜು, ಪ್ಲಾಸ್ಟಿಕ್ ನಳಿಗೆಯನ್ನು ಪೂರ್ತಿ ತುಂಬಿದರೂ ಕಟಾಫ್ ಒಂದೂವರೆ ಪಟ್ಟು ಇಳಿದು 14ರ ಆಸುಪಾಸಿಗೆ ಬಂದೀತು, ತೊಂದರೆಯಿಲ್ಲ.

ನೀರು ಹಾಗಲ್ಲ. ಇದೇ ನಳಿಗೆಯಲ್ಲಿ ತಂಪು ಮಾಡುವ ನೀರು ಹರಿಸಿದರೆ, ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಅದರ ವರ್ಗಮೂಲ 9. ಕಟಾಫ್ 22ರಿಂದ ಎರಡೂವರೆ ಗಿಗಾಹರ್ಟ್ಸ್‌ಗೆ ಬಂದುಬಿಡುತ್ತದೆ. ನಿಮ್ಮ 6 ಗಿಗಾಹರ್ಟ್ಸ್ ಈಗ ಕಟಾಫ್‌ಗಿಂತ ಮೇಲಿದೆ. ನೀರು ತಾನೇ ಒಂದಷ್ಟು ಹೀರಿಕೊಳ್ಳುತ್ತದೆ ನಿಜ, ಅದನ್ನು ನೆಚ್ಚಿ ಶೀಲ್ಡ್ ಕಟ್ಟಬಾರದು. ಒಂದು ದೊಡ್ಡ ನಳಿಗೆಯ ಬದಲು 2 ಮಿ.ಮೀ. ವ್ಯಾಸದ ಹಲವು ಸಣ್ಣ ನಳಿಗೆಗಳನ್ನು ಸಮಾಂತರವಾಗಿ ಇಟ್ಟರೆ, ನೀರು ತುಂಬಿದಾಗಲೂ ಕಟಾಫ್ 10ರ ಹತ್ತಿರ ನಿಲ್ಲುತ್ತದೆ.

ನೀರಿಗಿಂತಲೂ ಹೆಚ್ಚಾಗಿ ಕೈಕೊಡುವುದು ತಂತಿ. ಫೈಬರ್ ಅಂತ ಎಳೆದ ಕೇಬಲಿನೊಳಗೆ ಬಲಕ್ಕಾಗಿ ಒಂದು ಉಕ್ಕಿನ ತಂತಿ ಇರುತ್ತದೆ, ಅಥವಾ ಇಲಿ ಕಡಿಯದಿರಲೆಂದು ಲೋಹದ ಕವಚ. ಅದು ನಳಿಗೆಯೊಳಗೆ ಹಾಯ್ದ ಕ್ಷಣ ನಳಿಗೆ ಕೋಆಕ್ಸಿಯಲ್ ಆಯಿತು. ಬ್ಯಾಟರಿಯ ಇನ್ನೊಂದು ತುದಿ ಕಟ್ಟಲು ಈಗ ಜಾಗ ಸಿಕ್ಕಿದೆ. ಕಟಾಫ್ ಎಂಬುದೇ ಹೋಯಿತು, 154 ಡೆಸಿಬೆಲ್ ಕೂಡ ಹೋಯಿತು. ಉಕ್ಕಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ, ಗೋಡೆಗೆ ಮುಟ್ಟಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ತಿರುಗುಮುರುಗಾದ ಯೋಚನೆ. ಮುಟ್ಟದೆ ಇರುವುದರಿಂದಲೇ ಅದು ಎರಡನೆಯ ವಾಹಕವಾಗಿದೆ.

ಪತ್ತೆ ಹಚ್ಚುವುದು ಹೀಗೆ. ಪೆಟ್ಟಿಗೆಯ ಹೊರಗೆ ಸ್ಪೆಕ್ಟ್ರಮ್ ಅನಲೈಸರ್ ಇಟ್ಟು, ಒಳಗೆ 100 ಮೆಗಾಹರ್ಟ್ಸ್‌ನಂಥ ಕೆಳ ಆವರ್ತನದ ಮೂಲ ಇಡಿ. ಖಾಲಿ ನಳಿಗೆಯಿಂದ ಅಷ್ಟು ಕೆಳಗಿನದು ಬರಲು ಸಾಧ್ಯವೇ ಇಲ್ಲ. ಬಂದರೆ ಹೊರಗಿನ ಕೇಬಲನ್ನು ಕೈಯಲ್ಲಿ ಹಿಡಿದು ನೋಡಿ, ಮಟ್ಟ ಏರಿಳಿದರೆ ಲೋಹ ಒಳಗಿಂದ ಹೊರಗೆ ಹೊತ್ತು ತರುತ್ತಿದೆ. ಕೇಬಲನ್ನು ಪೂರ್ತಿ ಹೊರಗೆಳೆದು ಮತ್ತೆ ಅಳೆಯಿರಿ. ಆಗಲೂ ಬರುತ್ತಿದ್ದರೆ ಸೋರುತ್ತಿರುವುದು ಬೆಸುಗೆ ಅಥವಾ ಬಾಗಿಲಿನ ಅಂಚು. ನಿಂತರೆ ಕೇಬಲೇ ಕಾರಣ: ಲೋಹವಿಲ್ಲದ ಫೈಬರ್ ಹಾಕಿ, ಅದು ಸಿಗದಿದ್ದರೆ ನಳಿಗೆಗೆ ಬರುವ ಮೊದಲೇ ಉಕ್ಕಿನ ತಂತಿಯನ್ನೂ ಕವಚವನ್ನೂ ಕತ್ತರಿಸಿ, ಬರೀ ಗಾಜು ಮತ್ತು ಪ್ಲಾಸ್ಟಿಕ್ ಮಾತ್ರ ಆ 40 ಮಿಲಿಮೀಟರ್ ಹಾಯುವಂತೆ ಮಾಡಿ.